ವಿಠಲಣ್ಣನ ಎರಡು ಸಾಲಿನ ಚೀಟಿ

ಎರ್ನಾಕುಲಂನ ಕಲೂರಿನಲ್ಲಿ, ಹೊಲಿಗೆ ಯಂತ್ರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ಕಚೇರಿ ಆಡಳಿತದ ಡಿಪ್ಲೊಮಾ ಕಲಿಸುವ ಒಂದು ಕೇಂದ್ರವಿದೆ. ಅಲ್ಲಿನ ಗುಮಾಸ್ತ ವಿಠಲ ಮಂಜೇಶ್ವರದ ಕಡೆಯವರು. ಇಪ್ಪತ್ತೆಂಟರ ಹರೆಯದಲ್ಲಿ ಈ ಊರಿಗೆ ಬಂದವರಿಗೆ ಈಗ ಐವತ್ತೊಂಬತ್ತು. ಬಂದಾಗ ಮಲಯಾಳದಲ್ಲಿ ಬಸ್ಸಿನ ಬೋರ್ಡು ಓದುವುದಕ್ಕೂ ತಡವರಿಸುತ್ತಿದ್ದರು. ಈಗ ಕೇಂದ್ರದಿಂದ ಹೊರಡುವ ಮಲಯಾಳದ ಪತ್ರಗಳೆಲ್ಲ ಅವರ ಕೈಬರಹದಲ್ಲೇ ಹುಟ್ಟುತ್ತವೆ.

ಆದರೆ ವಿದ್ಯಾರ್ಥಿಗಳು ಅವರನ್ನು ನೆನೆಯುವುದು ಪತ್ರಗಳಿಗಾಗಿ ಅಲ್ಲ, ಚೀಟಿಗಾಗಿ.

ಆ ಡಿಪ್ಲೊಮಾದಲ್ಲಿ ವರ್ಷದ ಕೆಲಸಕ್ಕೆ ಐವತ್ತು ಅಂಕ, ಕೊನೆಯ ಪರೀಕ್ಷೆಗೆ ಐವತ್ತು. ಕೊನೆಯ ಪರೀಕ್ಷೆಗೆ ಎರಡು ಪತ್ರಿಕೆಗಳು. ಮೊದಲನೆಯದು ಕಚೇರಿ ಆಡಳಿತ. ನೂರು ಅಂಕಕ್ಕೆ ಬರೆದದ್ದನ್ನು ನಲವತ್ತಕ್ಕೆ ಇಳಿಸುತ್ತಾರೆ. ಎರಡನೆಯದು ಮಲಯಾಳ ಬರವಣಿಗೆ. ಐವತ್ತಕ್ಕೆ ಬರೆದದ್ದು ಹತ್ತಕ್ಕೆ ಇಳಿಯುತ್ತದೆ. ಅಂದರೆ ಮೊದಲನೆಯದರಲ್ಲಿ ಐದು ಅಂಕ ಗಳಿಸಿದರೆ ಒಟ್ಟಿಗೆ ಎರಡು ಸೇರುತ್ತದೆ. ಎರಡನೆಯದರಲ್ಲಿ ಐದು ಗಳಿಸಿದರೆ ಒಂದೇ ಒಂದು. ಒಟ್ಟು ಅರವತ್ತು ಬಂದರೆ ಪ್ರಥಮ ದರ್ಜೆ. ಇದಲ್ಲದೆ ಒಂದೊಂದು ಪತ್ರಿಕೆಗೂ ಅದರದೇ ಕನಿಷ್ಠ ಅಂಕ ಉಂಟು. ಒಟ್ಟು ಎಂಬತ್ತು ಬಂದವನೂ ಒಂದು ಪತ್ರಿಕೆಯಲ್ಲಿ ಆ ಕನಿಷ್ಠವನ್ನು ಮುಟ್ಟದಿದ್ದರೆ ಅನುತ್ತೀರ್ಣನೇ.

ಪರೀಕ್ಷೆ ಹತ್ತಿರ ಬಂದಾಗ, "ನನಗೆ ಎಷ್ಟು ಬೇಕು ಸಾರ್?" ಎಂದು ಮಕ್ಕಳು ಅವರ ಮೇಜಿನ ಮುಂದೆ ನಿಲ್ಲುವರು. ವಿಠಲಣ್ಣ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಅಂಗೈಯಷ್ಟಕ್ಕೆ ಹರಿದು, ಹಿಂಬದಿಯಲ್ಲಿ ಎರಡು ಸಾಲು ಬರೆದುಕೊಡುವರು: ಎರಡನೆಯದರಲ್ಲಿ ಇಷ್ಟು, ಮೊದಲನೆಯದರಲ್ಲಿ ಇಷ್ಟು. ಲೆಕ್ಕದಲ್ಲಿ ಅರ್ಧ ಅಂಕ ಬಂದರೆ ಮೇಲಕ್ಕೇ ಏರಿಸುವರು, ಕೆಳಕ್ಕೆ ಎಂದೂ ಇಳಿಸರು. ಹದಿನಾರು ವರ್ಷಗಳಲ್ಲಿ ಒಂದು ಚೀಟಿಯೂ ತಪ್ಪಿರಲಿಲ್ಲ. ಚೀಟಿಯನ್ನು ಹಾಲ್ ಟಿಕೆಟಿನೊಳಗೆ ಮಡಿಸಿಟ್ಟುಕೊಂಡು ಹೋಗುವುದು ಕೇಂದ್ರದ ವಾಡಿಕೆಯೇ ಆಗಿತ್ತು.

ಈ ವರ್ಷ ಹದಿನೇಳು ಮಕ್ಕಳು. ಅವರಲ್ಲಿ ಬದಿಯಡ್ಕದ ಸಮೀಕ್ಷಾ ಒಬ್ಬಳೇ ಕನ್ನಡದವಳು, ವಿಠಲಣ್ಣನನ್ನು ಮಾಮ ಎಂದು ಕರೆಯುವವಳೂ ಅವಳೊಬ್ಬಳೇ. ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮ. ಮಲಯಾಳ ಮಾತಾಡಲಿಕ್ಕೆ ಕೂತರೆ ಆಟೋದವರೂ ಅವಳಿಗೆ ಸೋಲಬೇಕು. ಬರೆಯಲಿಕ್ಕೆ ಕೂತರೆ ಒಂದೊಂದು ಅಕ್ಷರಕ್ಕೂ ಪೆನ್ನು ಎತ್ತುವಳು. ಎಡಪ್ಪಳ್ಳಿಯ ಒಂದು ಕಚೇರಿಯವರು ಅವಳಿಗೆ ಕೆಲಸ ಕೊಡುವುದಾಗಿ ಒಪ್ಪಿದ್ದರು. ಷರತ್ತು ಒಂದೇ: ಈ ಸಲವೇ ಪ್ರಥಮ ದರ್ಜೆಯಲ್ಲಿ ಮುಗಿಸಿರಬೇಕು. ತಪ್ಪಿದರೆ ಮುಂದಿನ ಪರೀಕ್ಷೆ ಒಂದು ವರ್ಷದ ಮೇಲೆ. ಅಷ್ಟರವರೆಗೆ ಅವರು ಕಾಯರು.

ವರ್ಷದ ಕೆಲಸದಲ್ಲಿ ಅವಳಿಗೆ ಐವತ್ತಕ್ಕೆ ಮೂವತ್ತಮೂರು ಬಂದಿತ್ತು. ಅರವತ್ತಕ್ಕೆ ಇನ್ನೂ ಇಪ್ಪತ್ತೇಳು ಬೇಕು.

"ಮಾಮ, ಮಲಯಾಳದಲ್ಲಿ ನನಗೆ ಎಷ್ಟು ಕಡಿಮೆ ಸಾಕು ಅಂತ ಹೇಳಿ. ಎಷ್ಟು ಹೆಚ್ಚು ಅಂತ ಕೇಳುವ ಧೈರ್ಯ ಇಲ್ಲ."

"ಕನಿಷ್ಠ ನೂರಕ್ಕೆ ನಲವತ್ತು. ಐವತ್ತಕ್ಕೆ ಇಪ್ಪತ್ತಾಯಿತು," ಎಂದು ವಿಠಲಣ್ಣ ಬರೆದರು. "ಆ ಇಪ್ಪತ್ತು ಇಳಿದು ನಾಲ್ಕಾಗ್ತದೆ. ಉಳಿದ ಇಪ್ಪತ್ತಮೂರು ಮೊದಲನೆಯದರಿಂದ ಬರಬೇಕು. ಅದಕ್ಕೆ ಐವತ್ತೇಳೂವರೆ. ಐವತ್ತೆಂಟು ಅಂತ ಇಟ್ಟುಕೋ."

ಸಮೀಕ್ಷಾ ಚೀಟಿಯನ್ನು ಎರಡು ಸಲ ಓದಿದಳು. ಮಲಯಾಳ ಪತ್ರಿಕೆಯಲ್ಲಿ ಮೂರು ಭಾಗಗಳು. ಓದಿ ಉತ್ತರಿಸುವುದಕ್ಕೆ ಹದಿನೈದು, ಅನುವಾದಕ್ಕೆ ಹದಿನೈದು, ಕೊನೆಗೆ ಒಂದು ಪತ್ರಕ್ಕೂ ಒಂದು ಪ್ರಬಂಧಕ್ಕೂ ಹತ್ತು ಹತ್ತು. ಮೊದಲ ಎರಡು ಭಾಗಗಳಲ್ಲಿ ಹೇಗಾದರೂ ಇಪ್ಪತ್ತೊಂದೋ ಇಪ್ಪತ್ತೆರಡೋ ಬರುತ್ತದೆ. ಹಾಗಾದರೆ ಮೂರನೆಯ ಭಾಗವನ್ನು ಮುಟ್ಟುವುದೇ ಬೇಡ. ಆ ಹೊತ್ತನ್ನೆಲ್ಲ ಮೊದಲನೆಯ ಪತ್ರಿಕೆಗೆ ಕೊಡಬಹುದು. ಹಾಗೆಂದು ನಿಶ್ಚಯಿಸಿ, ಹಾಗೆಯೇ ಓದಿದಳು.

ಪರೀಕ್ಷೆ ನಡೆಯುವುದು ತಿರುವನಂತಪುರದ ಮುಖ್ಯ ಕಚೇರಿಯಲ್ಲಿ. ಗುರುವಾರ ಮೊದಲನೆಯ ಪತ್ರಿಕೆ, ಸೋಮವಾರ ಎರಡನೆಯದು. ನಡುವಿನ ದಿನಗಳಲ್ಲಿ ಮಕ್ಕಳು ಅಲ್ಲೇ ಉಳಿಯುವರು. ಗುರುವಾರ ಸಂಜೆ ಅವಳ ಫೋನು ಬಂತು. "ಮಾಮ, ಅರವತ್ತೈದರ ಹತ್ತಿರ ಬರ್ತದೆ. ಇನ್ನು ನಿಮ್ಮ ಚೀಟಿಗೆ ಪೂಜೆ ಮಾಡುವುದೊಂದು ಬಾಕಿ."

ಶುಕ್ರವಾರ ಬೆಳಗ್ಗೆ ಕೇಂದ್ರದ ಮುಖ್ಯಸ್ಥೆ ಫಾತಿಮಾ ಟೀಚರು ಯಾವುದೋ ವಿವರಕ್ಕಾಗಿ ಮುಖ್ಯ ಕಚೇರಿಯ ಈ ವರ್ಷದ ಸುತ್ತೋಲೆಯನ್ನು ಕೇಳಿದರು. ಸುತ್ತೋಲೆಗೆ ಎರಡು ಪುಟ. ಮೊದಲನೆಯ ಪುಟದಲ್ಲಿ ದಿನಾಂಕಗಳು. ಅದನ್ನು ವಿಠಲಣ್ಣ ಯಾವಾಗಲೂ ನೋಟೀಸು ಹಲಗೆಗೆ ಹಚ್ಚುವರು. ಎರಡನೆಯ ಪುಟದ ಅಂಕಗಳ ಪಟ್ಟಿ ವರ್ಷ ವರ್ಷವೂ ಅದೇ ಇರುತ್ತಿದ್ದುದರಿಂದ ನೇರವಾಗಿ ಫೈಲಿಗೆ ಹೋಗುತ್ತಿತ್ತು. ಅಂದು ಫೈಲು ಬಿಚ್ಚಿದಾಗ ಆ ಪುಟವೇ ಮೇಲಿತ್ತು. ಎರಡನೆಯ ಪತ್ರಿಕೆ, ಕನಿಷ್ಠ: ನೂರಕ್ಕೆ ಐವತ್ತು.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಐವತ್ತೇ. ಐವತ್ತಕ್ಕೆ ಇಪ್ಪತ್ತೈದು.

"ಏನಾಯಿತು ವಿಠಲೇಟ್ಟಾ?" ಎಂದು ಫಾತಿಮಾ ಟೀಚರು ಮಲಯಾಳದಲ್ಲಿ ಕೇಳಿದರು.

"ಹದಿನೇಳು ಚೀಟಿಯೂ ತಪ್ಪು ಟೀಚರೇ. ಹಳೆಯ ಕನಿಷ್ಠವನ್ನೇ ಬರೆದುಕೊಟ್ಟಿದ್ದೇನೆ. ಪುಟ ತಿರುಗಿಸಲಿಲ್ಲ."

ಟೀಚರು ಆ ಪುಟವನ್ನು ಕೈಗೆತ್ತಿಕೊಂಡು ಓದಿದರು. "ಸುತ್ತೋಲೆ ಬಂದಾಗ ಸಹಿ ಹಾಕಿ ತೆಗೆದುಕೊಂಡವಳು ನಾನು. ನಾನೂ ತಿರುಗಿಸಲಿಲ್ಲ. ಮೊದಲು ಎಲ್ಲರಿಗೂ ಫೋನು ಮಾಡಿ."

ಹದಿನಾರು ಮಕ್ಕಳು ನಕ್ಕುಬಿಟ್ಟರು. ಮನೆಮಾತಿನ ಪರೀಕ್ಷೆಯಲ್ಲಿ ಇಪ್ಪತ್ತಾದರೇನು, ಇಪ್ಪತ್ತೈದಾದರೇನು? "ಸಾರಿಗೂ ವಯಸ್ಸಾಯಿತು," ಎಂದು ಋತ್ವಿಕ್ ಎಂಬ ಹುಡುಗ ತಮಾಷೆ ಮಾಡಿದ. ವಿಠಲಣ್ಣ ಹದಿನೇಳನೆಯ ಹೆಸರನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದರು.

"ನಾಳೆ ಗೆಳತಿಯರೆಲ್ಲ ಸೇರಿ ಕನ್ಯಾಕುಮಾರಿಗೆ ಹೊರಟಿದ್ದೇವೆ ಮಾಮ," ಎಂದಳು ಸಮೀಕ್ಷಾ. "ಲೆಕ್ಕ ನೋಡಿದೆ. ಮೂವತ್ತಮೂರು, ಅರವತ್ತೈದಕ್ಕೆ ಇಪ್ಪತ್ತಾರು, ಐವತ್ತೊಂಬತ್ತಾಯಿತು. ಇನ್ನು ಒಂದು ಬೇಕು. ಮಲಯಾಳದಲ್ಲಿ ಐದು ಬಂದರೆ ದರ್ಜೆ ಸಿಕ್ಕಿತು. ಇಪ್ಪತ್ತಂತೂ ಬರ್ತದೆ."

"ದರ್ಜೆಗೆ ಐದೇ ಸಾಕು, ಸರಿ. ಪಾಸಿಗೆ ಇಪ್ಪತ್ತಲ್ಲ ಮಗಾ, ಇಪ್ಪತ್ತೈದು. ಈ ವರ್ಷ ಬದಲಾಗಿದೆ. ನಾನು ನೋಡಲಿಲ್ಲ. ತಪ್ಪು ನನ್ನದು."



"ಮೂರನೆಯ ಭಾಗದ ಒಂದಕ್ಷರವೂ ನಾನು ಓದಲಿಲ್ಲ ಮಾಮ," ಎಂದಳು, ಬಹಳ ಮೆಲ್ಲಗೆ.

"ಗೊತ್ತುಂಟು. ನಾಳೆ ಕನ್ಯಾಕುಮಾರಿ ಬೇಡ. ನಾನು ತಿರುವನಂತಪುರಕ್ಕೆ ಬರ್ತೇನೆ. ಹತ್ತೂವರೆಗೆ ತಂಪಾನೂರಿನಲ್ಲಿ ರೈಲು ಸ್ಟೇಷನ್ ಬಾಗಿಲಲ್ಲಿ ನಿಂತಿರು. ಗೆರೆ ಹಾಕಿದ ಪುಸ್ತಕ ತಾ."

ಮನೆಯಲ್ಲಿ ರತ್ನ, ಅವರ ಹೆಂಡತಿ, ಬುತ್ತಿಗೆ ಇಡ್ಲಿ ಕಟ್ಟುತ್ತಾ ಕೇಳಿದರು, "ಫೋನಿನಲ್ಲೇ ಹೇಳಿಕೊಡಬಹುದಿತ್ತಲ್ಲ? ನಾಲ್ಕು ಗಂಟೆ ಹೊತ್ತು ರೈಲಿನಲ್ಲಿ ಕೂತರೆ ನಿಮ್ಮ ಸೊಂಟ ಉಂಟಲ್ಲ, ಅದು ನಾಲ್ಕು ದಿನ ಮಾತಾಡ್ತದೆ."

"ಕೈ ಓಡುವುದನ್ನು ನೋಡದೆ ಬರವಣಿಗೆ ಹೇಳಿಕೊಡ್ಲಿಕ್ಕೆ ಆಗ್ತದಾ?"

"ನಿಮಗೆ ಯಾರು ಹೇಳಿಕೊಟ್ಟದ್ದು?"

ವಿಠಲಣ್ಣನಿಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಬಂದ ಮೊದಲ ವರ್ಷ ಕಚೇರಿಯ ಹಳೆಯ ಪತ್ರಗಳ ಮೇಲೆ ತೆಳ್ಳನೆಯ ಕಾಗದವಿಟ್ಟು, ಅಕ್ಷರದ ಮೇಲೆ ಅಕ್ಷರ ತಿದ್ದಿ, ಪತ್ರದ ಒಕ್ಕಣೆಯನ್ನೇ ಬಾಯಿಪಾಠ ಮಾಡಿಕೊಂಡಿದ್ದರು. ಭಾಷೆ ಆಮೇಲೆ ಬಂತು. ಮೊದಲು ಬಂದದ್ದು ಪತ್ರದ ಆಕಾರ.

ಶನಿವಾರ ತಂಪಾನೂರಿನ ಒಂದು ಹೋಟೆಲಿನ ಮೂಲೆಯ ಮೇಜಿನಲ್ಲಿ ಇಬ್ಬರೂ ಕುಳಿತರು. ಸಮೀಕ್ಷಾಳ ಮುಖ ಅತ್ತು ಊದಿಕೊಂಡಿತ್ತು. ವಿಠಲಣ್ಣ ಚಹಾ ತರಿಸಿದರು.

"ಪ್ರಬಂಧವನ್ನು ಬಿಟ್ಟುಬಿಡು. ಎರಡು ದಿನದಲ್ಲಿ ಪ್ರಬಂಧ ಬರೆಯಲಿಕ್ಕೆ ಬರುವುದಿಲ್ಲ. ಪತ್ರವನ್ನು ಹಿಡಿ. ಹತ್ತು ಅಂಕದಲ್ಲಿ ನಾಲ್ಕು ಆಕಾರಕ್ಕೇ ಉಂಟು ಅಂತ ಮಾದರಿ ಪತ್ರಿಕೆಯಲ್ಲೇ ಹಾಕಿದ್ದಾರೆ. ಕಳಿಸುವವರ ವಿಳಾಸ, ತಾರೀಕು, ಪಡೆಯುವವರ ವಿಳಾಸ, ವಿಷಯ, ಸಂಬೋಧನೆ, ಕೊನೆಗೆ ಸಹಿ. ಈ ಕಂಬಗಳನ್ನು ನೆಟ್ಟರೆ ನಾಲ್ಕು. ನಡುವೆ ನಾಲ್ಕು ಚಿಕ್ಕ ವಾಕ್ಯ ಬರೆದರೆ ಇನ್ನೆರಡೋ ಮೂರೋ."

"ಮೊದಲೆರಡು ಭಾಗದಲ್ಲಿ ಇಪ್ಪತ್ತೇ ಬಂದರೆ?"

"ಆಗ ಪತ್ರದಲ್ಲಿ ಐದು ಬೇಕು. ಐದನ್ನು ದಾಟುವ ಹಾಗೆಯೇ ಬರೆಯುವ. ಬರೀ, ರಜೆಯ ಅರ್ಜಿ."

ಅವಳು ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ಉದ್ದ ಉದ್ದದ ವಾಕ್ಯಗಳು, ಮಾತಾಡಿದ ಹಾಗೆಯೇ. ವಿಠಲಣ್ಣ ಪೆನ್ಸಿಲಿನಿಂದ ಒಂದೊಂದನ್ನೂ ಎರಡಾಗಿ ಕತ್ತರಿಸಿದರು.

"ನಿನ್ನ ಬಾಯಿಗೆ ಮಲಯಾಳ ಬರ್ತದೆ ಅಂತ ಕೈಯೂ ಅದರ ಹಿಂದೆ ಓಡ್ಲಿಕ್ಕೆ ನೋಡ್ತದೆ. ಕೈ ನಿಧಾನ. ಅದಕ್ಕೆ ತಕ್ಕಷ್ಟೇ ಹೇಳು."

"ಅಂದರೆ ನಾನು ಬಾಯಿ ಮುಚ್ಚಿ ಬರೀಬೇಕು."

"ಅದು ನಿನ್ನಿಂದಾಗುವುದಿಲ್ಲ. ಸಣ್ಣದಾಗಿ ತೆರೆ, ಸಾಕು."

ಅವಳು ಮೊದಲ ಸಲ ನಕ್ಕಳು. ಎರಡನೆಯ ಅರ್ಜಿಗೆ ಅರ್ಧ ಗಂಟೆ, ನಾಲ್ಕನೆಯದಕ್ಕೆ ಇಪ್ಪತ್ತು ನಿಮಿಷ. ಊಟದ ಹೊತ್ತಿಗೆ ಹೋಟೆಲಿನವನು ಮೇಜು ಬೇಕೆಂದು ಎರಡು ಸಲ ಬಂದುಹೋದ. ಮೂರನೆಯ ಸಲ ಬಂದವನು ಬಗ್ಗಿ ನೋಡಿ, ವಿಳಾಸದ ಒಂದು ಅಕ್ಷರ ತಪ್ಪಿದೆಯೆಂದು ತಾನೇ ಬೆರಳಿಟ್ಟು ತೋರಿಸಿದ.

ಸಂಜೆಯ ರೈಲಿಗೆ ಹೋಗುವ ಮುನ್ನ ವಿಠಲಣ್ಣ ಹಳೆಯ ಚೀಟಿಯನ್ನು ಕೇಳಿ ಪಡೆದರು. ಇಪ್ಪತ್ತನ್ನು ಹೊಡೆದುಹಾಕಿ ಪಕ್ಕದಲ್ಲಿ ಇಪ್ಪತ್ತೈದು ಎಂದು ಬರೆದರು. ಕೆಳಗೆ ತಮ್ಮ ಸಹಿಯನ್ನೂ ಹಾಕಿದರು, ಕಚೇರಿಯ ತಿದ್ದುಪಡಿಗೆ ಹಾಕುವಂತೆ.

ಭಾನುವಾರವಿಡೀ ಅವಳು ಬರೆದ ಪತ್ರಗಳ ಚಿತ್ರಗಳು ವಾಟ್ಸ್ಯಾಪಿನಲ್ಲಿ ಬಂದವು, ಒಟ್ಟು ಹನ್ನೊಂದು. ಪ್ರತಿಯೊಂದಕ್ಕೂ ಅವರು ಹತ್ತಕ್ಕೆ ಅಂಕ ಹಾಕಿ ಕಳುಹಿಸಿದರು. ಮೊದಲನೆಯದಕ್ಕೆ ನಾಲ್ಕು, ಕೊನೆಯದಕ್ಕೆ ಏಳು. "ಒಂದು ಹೆಚ್ಚು ಕೊಟ್ಟರೆ ನಿಮ್ಮ ಗಂಟೇನು ಹೋಗ್ತದೆ?" ಎಂದು ರತ್ನ ಕೇಳಿದರು. "ಹೋಗುವುದು ಅವಳದ್ದು," ಎಂದರು ವಿಠಲಣ್ಣ.

ಫಲಿತಾಂಶ ಆರು ವಾರಗಳ ಮೇಲೆ ಬಂತು. ಅದನ್ನು ತೆರೆಯುವ ಮುಂಚೆ ವಿಠಲಣ್ಣ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದರು. ಪಟ್ಟಿಯಲ್ಲಿ ಒಟ್ಟನ್ನು ನೋಡಲಿಲ್ಲ. ಬೆರಳನ್ನು ನೇರವಾಗಿ ಎರಡನೆಯ ಪತ್ರಿಕೆಯ ಅಂಕಣಕ್ಕೆ ಇಳಿಸಿದರು. ಇಪ್ಪತ್ತೇಳು. ಆಮೇಲೆ ಮೊದಲನೆಯದು, ಅರವತ್ತನಾಲ್ಕು. ಕಾಗದದ ಮೇಲೆ ಕೂಡಿ ನೋಡಿದರು: ಮೂವತ್ತಮೂರು, ಇಪ್ಪತ್ತೈದು ದಶಾಂಶ ಆರು, ಐದು ದಶಾಂಶ ನಾಲ್ಕು. ಸರಿಯಾಗಿ ಅರವತ್ತನಾಲ್ಕು.

ಸಮೀಕ್ಷಾ ಎಡಪ್ಪಳ್ಳಿಯ ಕೆಲಸಕ್ಕೆ ಸೇರಿದ ವಾರ ಕೇಂದ್ರಕ್ಕೆ ಬಂದಳು. ಒಂದು ಡಬ್ಬಿ ಹಲಸಿನ ಹಪ್ಪಳ, ಜೊತೆಗೆ ಒಂದು ಪತ್ರ: ವಿಳಾಸ, ತಾರೀಕು, ವಿಷಯ, ಎಲ್ಲ ಇದ್ದ ಮಲಯಾಳದ ಧನ್ಯವಾದ ಪತ್ರ. ವಿಠಲಣ್ಣ ಓದಿ, ಮೂಲೆಯಲ್ಲಿ ಪೆನ್ಸಿಲಿನಿಂದ ಎಂಟು ಎಂದು ಬರೆದರು.

"ಹತ್ತಕ್ಕೆ ಎಂಟೇ?"

"ಒಂದು ವಾಕ್ಯ ಉದ್ದ ಆಯಿತು."

ಅಂದಿನಿಂದ ಚೀಟಿಯ ರೀತಿ ಬದಲಾಗಿದೆ. ಈಗ ಸುತ್ತೋಲೆಯ ಎರಡು ಪುಟಗಳೂ ಹಲಗೆಯ ಮೇಲೆ ಅಕ್ಕಪಕ್ಕ ಇರುತ್ತವೆ. ಯಾರಾದರೂ ಬಂದು, "ನನಗೆ ಎಷ್ಟು ಬೇಕು ಸಾರ್?" ಎಂದರೆ ವಿಠಲಣ್ಣ ಕ್ಯಾಲೆಂಡರಿನ ಚೂರನ್ನೂ ಪೆನ್ಸಿಲನ್ನೂ ಅವರ ಕೈಗೇ ಕೊಡುವರು.

"ಮೊದಲು ಹೋಗಿ ಎರಡನೆಯ ಪುಟದ ಕನಿಷ್ಠ ಬರೆದುಕೊಂಡು ಬಾ. ಆಮೇಲೆ ಇಬ್ಬರೂ ಕೂತು ಲೆಕ್ಕ ಮಾಡುವ."