ಪರೀಕ್ಷೆ ಅಂದರೆ ಯಾವ ಪರೀಕ್ಷೆ

ಅಕ್ಕಪಕ್ಕದವರು ಅವಳ ಹೆಸರನ್ನೇ ಮರೆತು ‘ಅರ್ಧಮಾತು’ ಅಂತ ಕರೆಯುತ್ತಿದ್ದರು. ಎದುರು ಮನೆಯಾಕೆ ಹೇಳುತ್ತಿದ್ದದ್ದು ಹೀಗೆ: “ಆ ಹುಡುಗಿ ಬಾಗಿಲು ತಟ್ಟಿದ್ರೆ ನಾನು ಒಲೆ ಆರಿಸಿಯೇ ಬರೋದು. ‘ಆಂಟಿ, ನಮ್ಮನೇಲಿ...’ ಅಂತಾಳೆ, ನಿಂತುಬಿಡ್ತಾಳೆ. ನೀರು ಬಂದಿಲ್ವಾ, ಕರೆಂಟು ಹೋಯ್ತಾ, ಬೀಗದ ಕೈ ಒಳಗೇ ಬಿಟ್ಯಾ ಅಂತ ಒಂದೊಂದೇ ಕೇಳ್ಕೊಂಡು ಹೋಗ್ಬೇಕು.” ಮೂಲೆ ಅಂಗಡಿಯವನು ಒಮ್ಮೆ ಅವಳ “ಅಂಕಲ್, ಅದು...”ಗೆ ಸೋಪು ಕಟ್ಟಿಕೊಟ್ಟು ಕಳಿಸಿದ್ದ. ಅವಳು ಹೋಗಿದ್ದದ್ದು ಉಪ್ಪಿಗೆ. ಸೋಪನ್ನೇ ತಂದಳು. ಅವತ್ತು ಚಿಕ್ಕಮ್ಮನ ಮನೆಯಲ್ಲಿ ಎಲ್ಲರೂ ಸಪ್ಪೆ ಊಟ ಮಾಡಿದರು.

ಅಪ್ಪ ಅಮ್ಮ ದೂರದ ಊರಿನಲ್ಲಿದ್ದರು. ಕಾಲೇಜಿಗೆಂದು ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಚಿಕ್ಕಮ್ಮ ಹೊಲಿಗೆಯವಳು; ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಊರ ಸುದ್ದಿಯನ್ನೆಲ್ಲ ಹೇಳಬಲ್ಲಳು. ಒಂದೇ ಮನೆಯ ಇಬ್ಬರಿಗೆ ದೇವರು ಮಾತನ್ನು ಹಂಚುವಾಗ ತಕ್ಕಡಿ ಸರಿಯಾಗಿ ಹಿಡಿಯಲಿಲ್ಲ ಅಂತ ಬೀದಿಯವರ ತಮಾಷೆ.

ಓದುತ್ತಿದ್ದದ್ದು ರಸಾಯನಶಾಸ್ತ್ರ, ಕೊನೆಯ ವರ್ಷ. ಪದವಿ ಕೈಗೆ ಬರಬೇಕಾದರೆ ಪರೀಕ್ಷೆಯೂ ಪಾಸಾಗಬೇಕು, ತರಬೇತಿ ಮುಗಿಸಿದ ಪ್ರಮಾಣಪತ್ರವೂ ಬೇಕು. ಆ ತರಬೇತಿಗಾಗಿಯೇ ಅವಳು ಊರಿನ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಸೇರಿದ್ದು. ತರಬೇತಿಯವರನ್ನು ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡ ಮೇಡಂ ಅನ್ನುತ್ತಿದ್ದರು. ಗಟ್ಟಿ ಹೆಂಗಸು. ಬೈದರೆ ಮುಖಕ್ಕೇ ಬೈಯುವರು, ಬೆನ್ನ ಹಿಂದೆ ಒಂದು ಮಾತಿಲ್ಲ.

ಅಲ್ಲಿ ಗೋಡೆಗೆ ಒಂದು ಬೋರ್ಡು. ಅದರ ಮೇಲೆ ತೊಳೆತ, ಸಂಗ್ರಹ, ಪರೀಕ್ಷೆ, ವರದಿ ಅಂತ ನಾಲ್ಕು ಮನೆ. ಯಾವ ವಾರ ಯಾರು ಎಲ್ಲಿ ಅಂತ ಶುಕ್ರವಾರ ಸಂಜೆ ಮೇಡಂ ಬರೆಯುವರು. ಅಲ್ಲಿನವರ ಮಾತೂ ಹಾಗೇ ಆಗಿಹೋಗಿತ್ತು. “ನಂದು ಈ ವಾರ ತೊಳೆತ,” “ಅವನಿಗೆ ಸಂಗ್ರಹ ಬಂತು,” ಅನ್ನುವರು. ತೊಳೆತ ಅಂದರೆ ಸೀಸೆ ತೊಳೆಯುವುದು. ಸಂಗ್ರಹ ಅಂದರೆ ಜೀಪಿನಲ್ಲಿ ಬೀದಿ ಬೀದಿ ಸುತ್ತಿ, ನಲ್ಲಿಯ ಬಾಯಿಗಂಟಿದ ರೋಗಾಣು ಸಾಯುವ ಹಾಗೆ ಅದಕ್ಕೆ ಉರಿ ತೋರಿಸಿ, ಸ್ವಲ್ಪ ನೀರು ಹರಿಯಬಿಟ್ಟು, ಆಮೇಲೆ ಸೀಸೆಗೆ ಹಿಡಿದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತರುವುದು. ತರಬೇತಿಗೆ ಬಂದವರೆಲ್ಲ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದದ್ದು ಪರೀಕ್ಷೆಯ ಮೇಜಿಗೆ. ಅಲ್ಲಿ ಮೇಡಂದು ಒಂದೇ ಕಟ್ಟಳೆ: ಇಟ್ಟವರೇ ನೋಡಬೇಕು. ನೀರಿನಲ್ಲಿ ರೋಗಾಣು ಇದೆಯೋ ಇಲ್ಲವೋ ತಿಳಿಯಲು ಅದನ್ನು ಇವತ್ತು ಬೆಚ್ಚನೆಯ ಪೆಟ್ಟಿಗೆಯೊಳಗೆ ಇಟ್ಟರೆ ನಾಳೆ ತೆಗೆದು ನೋಡಬೇಕು. ಇಟ್ಟವರು ನಾಳೆ ಬರುವುದಿಲ್ಲ ಅಂದರೆ ಇವತ್ತು ಇಡುವ ಹಾಗೇ ಇಲ್ಲ.

ನಮ್ಮ ಅರ್ಧಮಾತಿಗೆ ಆ ಮೇಜು ಒಮ್ಮೆಯೂ ಸಿಕ್ಕಿರಲಿಲ್ಲ. ಕೇಳಿದರೆ ತಾನೆ.

ಕಾಲೇಜಿನ ವೇಳಾಪಟ್ಟಿ ಬಂತು. ಪರೀಕ್ಷೆ ಮುಂದಿನ ಬುಧವಾರದಿಂದ ಶುರು, ಎರಡು ವಾರ, ನಡುನಡುವೆ ಬಿಡುವಿನ ದಿನಗಳು. ರಜೆ ಕೇಳಬೇಕು. ಎರಡು ದಿನ ಮೇಡಂ ಹಿಂದೆ ಮುಂದೆ ಸುಳಿದಳು. ಮೂರನೆಯ ದಿನ ನೀರು ಭಟ್ಟಿ ಇಳಿಸುವ ಯಂತ್ರ ಬುಸುಗುಡುತ್ತಿದ್ದಾಗ ಪಕ್ಕಕ್ಕೆ ಹೋಗಿ ನಿಂತಳು.

“ಮೇಡಂ, ಮುಂದಿನ ವಾರದಿಂದ ನನಗೆ ಪರೀಕ್ಷೆ...”

ಮೇಡಂ ತಿರುಗಿ ನೋಡಿ ನಕ್ಕರು. “ಅಂತೂ ಬಾಯಿ ಬಿಟ್ಯಲ್ಲ. ನಾನೂ ಅದನ್ನೇ ಯೋಚಿಸ್ತಿದ್ದೆ. ಬೋರ್ಡಲ್ಲಿ ಬರೀತೀನಿ, ಹೋಗು.”

ಅವಳು ಗಾಳಿಯಲ್ಲಿ ತೇಲಿಕೊಂಡು ಮನೆಗೆ ಬಂದಳು. “ಸಿಕ್ತು ಚಿಕ್ಕಮ್ಮ,” ಅಂದಳು.

ಶುಕ್ರವಾರ ಸಂಜೆ ಬೋರ್ಡಿನ ಮುಂದೆ ಜೀಪಿನ ಚಾಲಕ ನಿಂತಿದ್ದ. “ಏನಮ್ಮ, ನನ್ನ ಜೀಪು ಬಿಟ್ಟು ಮೇಜಿಗೆ ಹೊರಟ್ಯಾ? ಇನ್ನು ನಮ್ಮಂಥೋರು ಕಣ್ಣಿಗೆ ಬೀಳ್ತೀವಾ?” ಅಂದ. ನೋಡಿದರೆ ಪರೀಕ್ಷೆಯ ಮನೆಯಲ್ಲಿ ಅವಳ ಹೆಸರು, ಮುಂದಿನ ಎರಡು ವಾರಕ್ಕೂ. ಜೊತೆಯ ಹುಡುಗಿಯೊಬ್ಬಳು ಮುಖ ಊದಿಸಿಕೊಂಡು ಅವಳನ್ನು ದಾಟಿ ಹೋದಳು. ಮೇಜಿಗೆ ತನ್ನ ಸರದಿ ಅಂತ ಆ ಹುಡುಗಿ ಕಾದಿದ್ದವಳು.

ನಮ್ಮ ಅರ್ಧಮಾತು ಮನೆಗೆ ಬಂದು ಮೂಲೆ ಹಿಡಿದಳು. ಚಿಕ್ಕಮ್ಮ ಒಂದೊಂದೇ ಎಳೆ ಬಿಡಿಸಿ ವಿಷಯ ಹೊರಗೆ ತೆಗೆಯುವಷ್ಟರಲ್ಲಿ ಒಂದು ರವಿಕೆಯ ತೋಳು ಹೊಲಿದು ಮುಗಿದಿತ್ತು.

“ಪರೀಕ್ಷೆ ಅಂದ್ರೆ ಯಾವ ಪರೀಕ್ಷೆ ಅಂತ ಹೇಳ್ಲಿಲ್ವಾ?”

“ಅವರಿಗೆ ಗೊತ್ತಾಗುತ್ತೆ ಅಂದ್ಕೊಂಡೆ.”

“ಗೊತ್ತಾಗೋಕೆ ಅವರೇನು ನಿನ್ನ ಹೊಟ್ಟೇಲಿ ಕೂತಿದಾರಾ? ಕಾಲೇಜು ಪರೀಕ್ಷೆ ಬರೀದೇ ಇದ್ರೆ ಏನಾಗುತ್ತೆ?”

“ಒಂದು ವರ್ಷ ಹೋಗುತ್ತೆ.”

“ಹೇಳದೆ ನೀನೇ ಮನೇಲಿ ಉಳಿದ್ರೆ?”

“ಪ್ರಮಾಣಪತ್ರ ಹೋಗುತ್ತೆ. ಆದ್ರೆ ಚಿಕ್ಕಮ್ಮ, ಈಗ ಹೇಳಿದ್ರೆ ಆ ಮೇಜು...”

“ಹೋಗುತ್ತೆ. ಹೋಗ್ಲಿ.” ಚಿಕ್ಕಮ್ಮ ಹಲ್ಲಿನಲ್ಲಿ ದಾರ ಕಡಿದಳು. “ಅಳದ ಮಗುಗೆ ಹೆತ್ತ ತಾಯೂ ಹಾಲು ಕೊಡಲ್ಲ. ನೀನು ಅಳೋದೂ ಅರ್ಧಕ್ಕೇ ನಿಲ್ಲಿಸ್ತೀಯ. ನಾಳೆ ಹೋಗಿ ಪೂರ್ತಿ ಅತ್ಕೊಂಡು ಬಾ.”

ಮರುದಿನ ಅವಳು ಯಂತ್ರದ ಹತ್ತಿರ ಹೋಗಲಿಲ್ಲ, ಮೇಡಂ ಕೋಣೆಗೇ ಹೋದಳು. ದಾರಿಯುದ್ದ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದಳು. “ಮೇಡಂ, ನಾನು ಮೊನ್ನೆ ಕೇಳಿದ್ದು ಮೇಜಲ್ಲ. ಬುಧವಾರದಿಂದ ನನ್ನ ಕಾಲೇಜು ಪರೀಕ್ಷೆ. ಬರೆಯೋಕೆ ರಜೆ ಬೇಕು.”

ಮೇಡಂ ಕನ್ನಡಕ ತೆಗೆದರು. “ಹಾಗಾದ್ರೆ ಮೊನ್ನೆ ಯಾಕೆ ರಜೆ ಅನ್ನಲಿಲ್ಲ?”

“ಪರೀಕ್ಷೆ ಅಂದೆ ಮೇಡಂ.”

“ಇಲ್ಲಿ ಬೆಳಗಾದ್ರೆ ಎಲ್ಲರೂ ಅದನ್ನೇ ಅಂತಾರಲ್ಲೇ ಮಾರಾಯ್ತಿ.” ನಗು ಬಂತು, ತಡೆದುಕೊಂಡರು. “ಸೋಮವಾರದಿಂದ ನೀನು ಇಟ್ಟು, ಬುಧವಾರ ಬರದೇ ಇದ್ದಿದ್ರೆ? ಒಂದು ಬಡಾವಣೆಯ ನೀರಿಗೆ ಉತ್ತರ ಹೇಳೋರು ಯಾರು? ವೇಳಾಪಟ್ಟಿ ತಂದಿದೀಯಾ?”

ತಂದಿದ್ದಳು. ಮೇಡಂ ಅದರ ಮೇಲೆ ಬೆರಳಾಡಿಸಿದರು. ಪೂರ್ತಿ ಎರಡು ವಾರ ಕೊಡುವುದಕ್ಕಾಗುವುದಿಲ್ಲ ಅಂದರು. ಪರೀಕ್ಷೆಯ ದಿನ, ಅದರ ಹಿಂದಿನ ದಿನ, ಅಷ್ಟು ರಜೆ. ಉಳಿದ ದಿನ ಬರಬೇಕು. ತಾರೀಕು ಹಾಕಿ ಅರ್ಜಿ ಬರೆದು, ಪ್ರವೇಶಪತ್ರದ ನಕಲು ಲಗತ್ತಿಸಬೇಕು. ತಪ್ಪಿದ ದಿನಗಳನ್ನು ಕೊನೆಗೆ ಬಂದು ತುಂಬಿಕೊಟ್ಟ ಮೇಲೆಯೇ ಪ್ರಮಾಣಪತ್ರಕ್ಕೆ ಸಹಿ.

“ಮತ್ತೆ ಮೇಜು ನಿನಗೆ ಕೊಡೋಕಾಗಲ್ಲ. ಒಂದು ದಿನ ಬಂದು ಒಂದು ದಿನ ಬರದೇ ಇರೋರಿಗೆ ಅದು ಆಗಲ್ಲ. ಬಂದ ದಿನ ತೊಳೆತ. ಒಪ್ಪಿಗೆಯಾ?”

ಅವಳು ವೇಳಾಪಟ್ಟಿ ಮಡಿಸಿಕೊಂಡಳು. “ಒಪ್ಪಿಗೆ ಮೇಡಂ,” ಅಂದಳು.

ಮೇಡಂ ಎದ್ದು ಹೋಗಿ ಬೋರ್ಡಿನ ಮೇಲೆ ಅವಳ ಹೆಸರು ಒರೆಸಿ, ಮುಖ ಊದಿಸಿದ್ದವಳ ಹೆಸರು ಬರೆದರು.

ಪರೀಕ್ಷೆಗಳು ಆದವು. ಬಿಡುವಿನ ದಿನಗಳಲ್ಲಿ ಅವಳು ಸೀಸೆ ತೊಳೆಯುತ್ತ ತುಟಿಯಲ್ಲೇ ಸೂತ್ರ ಹೇಳಿಕೊಳ್ಳುತ್ತಿದ್ದಳು. “ಸೀಸೆಗೆ ಮಂತ್ರ ಹಾಕ್ತಿದಾಳೆ,” ಅಂತ ಚಾಲಕ ಸಾರಿಕೊಂಡು ಬಂದ. ಒಂದು ಪತ್ರಿಕೆ ಕಷ್ಟವಿತ್ತು, ಉಳಿದವು ಸಲೀಸು. ಜೊತೆಯವರು ತರಬೇತಿ ಮುಗಿಸಿ ಪ್ರಮಾಣಪತ್ರ ಹಿಡಿದು ಹೋದರು. ಇವಳೊಬ್ಬಳೇ ಸಾಲದ ದಿನಗಳನ್ನು ತೀರಿಸಲು ಉಳಿದಳು. ತರಬೇತಿಯವರು ಬೇರೆ ಯಾರೂ ಇಲ್ಲದ್ದರಿಂದ ಮೇಡಂ ಅವಳನ್ನೇ ಮೇಜಿಗೆ ಕೂರಿಸಿಕೊಂಡರು. ಮೊದಲ ದಿನ ಇಟ್ಟದ್ದನ್ನು ಮರುದಿನ ತೆಗೆದು ಬೆಳಕಿಗೆ ಹಿಡಿದಳು. ನೀರು ಚೊಕ್ಕಟವಾಗಿತ್ತು. “ಹಾಗಂತ ಬರಿ,” ಅಂದರು ಮೇಡಂ, ಅಷ್ಟೇ.

ಕೊನೆಯ ದಿನ ಬಂತು. ಸಂಜೆ ಮೇಡಂ ಸಹಿ ಹಾಕಿದರೆ ಅಲ್ಲಿಂದಲೇ ಅಪ್ಪ ಅಮ್ಮನ ಊರಿನ ಬಸ್ಸು. ಮತ್ತೆ ಈ ಮನೆಗೆ ಬರುವ ಕೆಲಸವಿಲ್ಲ. ಬೆಳಿಗ್ಗೆಯೇ ಚೀಲ ಕಟ್ಟಿದಳು. ಚಿಕ್ಕಮ್ಮ ಹೊಸ ಅಂಗಿಯೊಂದನ್ನು ಚೀಲದೊಳಗೆ ತುರುಕಿ, “ಭುಜ ಸ್ವಲ್ಪ ಸಡಿಲ ಬಿಟ್ಟಿದೀನಿ. ಅಲ್ಲಿ ಹೋಗಿ ದಪ್ಪ ಆಗ್ತೀಯ,” ಅಂದಳು.

ಅವಳು ಬಗ್ಗಿ ಚಪ್ಪಲಿ ಹಾಕಿಕೊಂಡಳು. ಚೀಲ ಭಾರವಿತ್ತು, ಹೆಗಲು ಬದಲಿಸಿ ಮೆಟ್ಟಿಲಿಳಿದಳು. ಪ್ರಯೋಗಾಲಯದಲ್ಲಿ ನಿನ್ನೆ ಇಟ್ಟು ಬಂದ ನೀರನ್ನು ತೆಗೆದು ನೋಡುವ ಹೊತ್ತಾಗುತ್ತಿತ್ತು.