ಕಾಕಾನಿಗಾಗಿ ಎರಡು ಮೇಲ್

ಸೊಲ್ಲಾಪುರ ರಸ್ತೆಯ ಒಣದ್ರಾಕ್ಷಿ ವ್ಯಾಪಾರಿ ಸಂಗನಬಸವ ಅವರ ಆಫೀಸಿನಲ್ಲಿ ಮೇಲ್ ಬರೆಯುವವಳು ಯಶೋಧರಾ. ತಿಕೋಟಾದಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಬಾಯಿ ತೆರೆದರೆ ಪಟಾಕಿ; ಮೇಲ್ ಮಾತ್ರ ಮೂರು ಸಲ ಓದದೆ ಕಳಿಸುವವಳಲ್ಲ.

ಹುಬ್ಬಳ್ಳಿಯ ಮಿಠಾಯಿ ಕಂಪನಿಗೆ ಇವರಿಂದ ಮಾಲು ಕೊಳ್ಳುವ ಅನುರಾಧಾ ಮೇಡಂ ಅವತ್ತು ಮೆಸೇಜ್ ಹಾಕಿದ್ದರು. ಕಾಕಾ ತೀರಿಕೊಂಡರು, ನಮ್ಮೂರು ಬಬಲೇಶ್ವರಕ್ಕೆ ಬಂದಿದ್ದೇನೆ ಅಂತ. ಕಾಕಾ ಎಂದರೆ ಚಿಕ್ಕಪ್ಪ. ಮೇಡಂ ಜೊತೆ ಬಂದಾಗೆಲ್ಲ ಸ್ಯಾಂಪಲ್ ನೋಡುವ ನೆಪದಲ್ಲಿ ಜೇಬು ತುಂಬಿಕೊಳ್ಳುತ್ತಿದ್ದ ಅಮರಪ್ಪ ಕಾಕಾ ಅವಳಿಗೂ ಬೇಕಾದವರು.

ಮೇಲ್‌ನ ಕೊನೆಗೆ ಹೊಸ ಮಾಲಿನ ದರವನ್ನೂ ಒಂದು ಸಾಲು ಹಾಕು ಎಂದರು ಸಂಗನಬಸವ. ಅವಳು ಕೇಳಲಿಲ್ಲ. ಹಳೆಯ ಆರ್ಡರಿನ ಮೇಲ್‌ಗೇ ಉತ್ತರ ಬರೆಯದೆ ಹೊಸದು ತೆರೆದಳು. ವಿಷಯದ ಜಾಗದಲ್ಲಿ 'ಸಂತಾಪ' ಎಂದಷ್ಟೇ ಹಾಕಿದಳು. ಹೆಸರಿನ ಕೆಳಗೆ ತಾನೇ ಬಂದು ಕೂರುವ 'ಸಿಹಿ ಸುದ್ದಿ! ಹೊಸ ಮಾಲು ಬಂದಿದೆ' ಎಂಬ ಸಾಲನ್ನು ಅಳಿಸಿದಳು. ಆಮೇಲೆ ಬರೆದಳು:

'ಅಮರಪ್ಪನವರು ಹೋದ ಸುದ್ದಿ ಕೇಳಿ ತುಂಬ ದುಃಖವಾಯಿತು. ದ್ರಾಕ್ಷಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದ ಅವರ ಮುಖ ನಮ್ಮ ಆಫೀಸಿನಲ್ಲಿ ಯಾರೂ ಮರೆಯುವುದಿಲ್ಲ. ಆರ್ಡರಿನ ಚಿಂತೆ ಬೇಡ, ನೀವು ಬರುವವರೆಗೆ ಮಾಲು ತೆಗೆದಿಟ್ಟಿರುತ್ತೇವೆ. ಇದಕ್ಕೆ ಉತ್ತರವನ್ನೂ ಬರೆಯಬೇಕಿಲ್ಲ. ತಮ್ಮನನ್ನು ಕಳೆದುಕೊಂಡ ನಿಮ್ಮ ತಂದೆಯವರಿಗೂ ಧೈರ್ಯ ಹೇಳಿ.'

ಮೂರು ಸಲ ಓದಿ ಕಳಿಸಿದಳು. ಸಂಜೆ, ಆಫೀಸಿನ ಪರವಾಗಿ ಮಣ್ಣಿಗೆ, ಅಂದರೆ ಶವಸಂಸ್ಕಾರಕ್ಕೆ, ಹೋಗಿದ್ದ ಡ್ರೈವರ್ ಬಾಬುಸಾಬ ಬಂದು, ಮೇಡಂ ಅವರಪ್ಪನ ಶವದ ಕಾಲು ಹಿಡಿದು ಬಹಳ ಅತ್ತರು ಎಂದ.

"ಅವರಪ್ಪಂದಾ? ತೀರಿಕೊಂಡಾವ್ರು ಕಾಕಾ ಅಲ್ಲೇನ್ರಿ?"

"ಕಾಕಾನ ಅವರಪ್ಪ ಅಲ್ಲೇನವ್ವಾ. ಕೂಡಿದ ಮನಿ. ಅಮರಪ್ಪನ ಅಣ್ಣನ ಮಕ್ಕಳು ಕಾಕಾ ಅಂತಿದ್ರು, ಅದನ್ನ ಕೇಳಿ ಮೇಡಂ ಅವ್ರೂ ಹಂಗ ಅಂದ್ರು."

ಯಶೋಧರಾ ಕಳಿಸಿದ ಮೇಲ್ ಮತ್ತೆ ತೆರೆದಳು. ಸತ್ತವರಿಗೇ ಧೈರ್ಯ ಹೇಳಿ ಎಂದು ಬರೆದಿದ್ದಾಯಿತು! ಇದು ಅವಳಿಗೆ ತಿಳಿಯದ ವಿಷಯವೇ? ಹುಟ್ಟಿದಾಗಿನಿಂದ ತನ್ನ ಅಪ್ಪ ಪರಸಪ್ಪನನ್ನು ಅವಳು ಕರೆಯುವುದೇ 'ಅಣ್ಣಾ' ಅಂತ. ಗಿರಾಕಿ ಕೈಬಿಟ್ಟರೆ ಸಾವಕಾರ ಸಂಗನಬಸವ ಅವರಿಗೆ ಇನ್ನೊಬ್ಬರು ಸಿಗುತ್ತಾರೆ. ಆ ಹೆಣ್ಣುಮಗಳ ಮನಸ್ಸು ನೊಂದರೆ ಇವಳಿಗೆ ಊಟ ಇಳಿಯುವುದಿಲ್ಲ.

ಎರಡನೆಯ ಮೇಲ್ ಚಿಕ್ಕದಾಗಿತ್ತು. ತನ್ನ ಪುರಾಣ ಬರೆಯಲಿಲ್ಲ. 'ಅಮರಪ್ಪನವರು ನಿಮ್ಮ ತಂದೆ ಎಂದು ನನಗೆ ತಿಳಿದಿರಲಿಲ್ಲ. ತಪ್ಪಾಯಿತು, ಕ್ಷಮಿಸಿ. ನಿಮ್ಮ ತಂದೆಯವರು ನಮಗೂ ಹಿರಿಯರಾಗಿದ್ದರು.'

ಮರುದಿನ ಉತ್ತರ ಬಂತು. 'ಮೊದಲನೇ ಮೇಲ್ ಓದಿ, ಅಳೋ ಮನಿಯಾಗ ನಾವೆಲ್ಲಾ ನಕ್ಕಬಿಟ್ಟಿವಿ. ಎರಡನೇದು ಓದಿ ಅತ್ತಬಿಟ್ಟೆ. ಒಂದ ದಿನಾನೂ ನಾ ಅವರನ್ನ ಅಪ್ಪಾ ಅಂತ ಕರೀಲಿಲ್ಲ ನೋಡ್ರಿ.'

ಯಶೋಧರಾ ಕಣ್ಣೊರೆಸಿಕೊಂಡು ಹೊರಗೆ ಬಂದು ಮನೆಗೆ ಫೋನ್ ಹಚ್ಚಿದಳು.

"ಅಪ್ಪಾ," ಎಂದಳು.

"ಯಾರ ಅಪ್ಪ ಬೇಕಾಗ್ಯಾನವ್ವಾ? ರಾಂಗ್ ನಂಬರ್," ಎಂದು ಪರಸಪ್ಪ ಫೋನ್ ಇಟ್ಟ.