ಆಫರ್ ಇಲ್ಲದ ಟೀಸರ್

ನಮ್ಮ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಬೆಡ್‌ಶೀಟ್ ಅಕ್ಕ ಎಂದೇ. ವರ್ಷಗಟ್ಟಲೆ ಕೆಳಗಿನ ಕೌಂಟರಿನಲ್ಲಿ ನಿಂತು ನಿಂತು ಮಂಡಿ ಸವೆಸಿಕೊಂಡವಳು. ಮಾಲೀಕರು ಮಹಡಿಯಲ್ಲಿ ದೀಪ ಹಾಕಿ, ಫೋನು ನಿಲ್ಲಿಸಿ ಲೈವ್ ಮಾರಾಟ ಶುರುಮಾಡಿದಾಗ ಮಾತಿನಮಲ್ಲಿ ಎಂದು ಅವಳನ್ನೇ ಕೂರಿಸಿದರು. ಕೂರುವುದಕ್ಕೆ ಕುರ್ಚಿ ಸಿಕ್ಕಿತಲ್ಲ, ಅವಳಿಗೆ ಅದೇ ದೊಡ್ಡದು. ನಾನು ಅದೇ ಕೋಣೆಯ ಮೂಲೆಯಲ್ಲಿ ಪಾರ್ಸೆಲ್ ಕಟ್ಟುವವಳು. ಇದೆಲ್ಲ ಕಣ್ಣಾರೆ ಕಂಡದ್ದು.

ಟೀಸರ್ ಬರೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಲೈವ್‌ಗೆ ಮೊದಲು ಜನರನ್ನು ಕರೆಯಲು ಬಿಡುವ ಪುಟ್ಟ ವಿಡಿಯೊ ಅದು. ಮೊದಲ ಮಾತಿಗೇ ನೋಡುವವರ ಬೆರಳು ನಿಲ್ಲಬೇಕು: ‘ನಿಮ್ಮನೆ ಬೆಡ್‌ಶೀಟ್ ಬೆಳಗಾಗೋದ್ರೊಳಗೆ ಮುದುರಿ ಮೂಲೆ ಸೇರುತ್ತಾ?’ ಆಮೇಲೆ ಬಟ್ಟೆಯನ್ನು ಅರ್ಧ ಬಿಚ್ಚಿ ತೋರಿಸುವುದು. ನಂತರ ಆಫರ್: ಎರಡು ಕೊಂಡರೆ ಒಂದು ಉಚಿತ, ಲೈವ್ ಮುಗಿಯುವವರೆಗೆ ಮಾತ್ರ. ಸಮಯ ಹೇಳುವಾಗ ‘ನಾಳೆ’ ಅನ್ನುವಂತಿಲ್ಲ. ವಿಡಿಯೊ ಯಾರ ಫೋನಿಗೆ ಯಾವತ್ತು ತಲುಪುತ್ತದೋ ಯಾರಿಗೆ ಗೊತ್ತು. ‘ಶನಿವಾರ ಸಂಜೆ ಏಳು’ ಎಂದು ಬಾಯಲ್ಲೂ ಹೇಳಬೇಕು, ಪರದೆಯ ಮೇಲೂ ಬರೆದಿರಬೇಕು. ಕೊನೆಗೆ ಬೆರಳು ಕೆಳಗೆ ತೋರಿಸಿ, ‘ಈಗಲೇ ರಿಮೈಂಡರ್ ಒತ್ತಿಬಿಡಿ, ಆಮೇಲೆ ಮರೆತೇ ಹೋಗ್ತೀರ.’ ಒತ್ತಿದವರಿಗೆ ಲೈವ್ ಶುರುವಾಗುವಾಗ ಫೋನೇ ನೆನಪಿಸುತ್ತದೆ.

ಜನ ಮುಗಿಬಿದ್ದರು. ಅದೇ ಅವಳ ತಲೆಗೇರಿತು. ‘ಅಕ್ಕಾ, ನಾವು ಬರೋದೇ ನಿಮ್ಮನ್ನ ನೋಡೋಕೆ’ ಎಂದು ಕಮೆಂಟಿನಲ್ಲಿ ಬರೆದವರನ್ನೆಲ್ಲ ನಂಬಿಬಿಟ್ಟಳು, ಮಹಾತಾಯಿ! ಮಾಲೀಕರ ಹತ್ತಿರ ಹೋಗಿ ಮಾರಾಟದಲ್ಲಿ ಪಾಲು ಕೇಳಿದಳು. ಜನ ಬರುವುದು ಆಫರ್ ನೋಡಿ, ನಿನ್ನ ಮುಖ ನೋಡಿ ಅಲ್ಲ ಎಂದು ಅವರು ನಕ್ಕರು.

“ಹಾಗಾದ್ರೆ ಆಫರ್ ತೆಗೆದುಹಾಕಿ ನೋಡಿ. ಆಗ್ಲೂ ನನಗೋಸ್ಕರ ಬರ್ತಾರೆ” ಅಂದಳು.

ಮಾಲೀಕರಿಗೆ ಅಷ್ಟೇ ಸಾಕಾಯಿತು. ಶುಕ್ರವಾರ ಅಕ್ಕನ ಲೈವ್, ಆಫರ್ ಇಲ್ಲ. ಶನಿವಾರ ಅವರ ಸೊಸೆಯದು, ಆಫರ್ ಇದೆ. ಅವಳ ಟೀಸರ್‌ನಲ್ಲಿ ಮುಖವಿಲ್ಲ, ಬರೀ ಕೈ. ಹೆಚ್ಚು ಜನ ಬಂದು ಅಕ್ಕ ಗೆದ್ದರೆ ಪಾಲು. ಸೋತರೆ ಕುರ್ಚಿ ಸೊಸೆಗೆ, ಅಕ್ಕ ಮತ್ತೆ ಕೌಂಟರಿಗೆ. ಬೇಡ ಕಣೇ, ಸುಮ್ಮನೆ ಗುಂಡಿಗೆ ಬೀಳಬೇಡ ಎಂದು ನಾನು ಹೇಳಿದೆ. ನನಗೆ ಹೊಟ್ಟೆಕಿಚ್ಚು ಅಂತೆ. ಹಾಳಾಗಿ ಹೋಗು ಎಂದು ಪಾರ್ಸೆಲ್ ಕಟ್ಟಲು ಕೂತೆ.

ಅಕ್ಕನ ಟೀಸರ್ ಮಾತ್ರ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ‘ಈ ಸಲ ಆಫರ್ ಇಲ್ಲ. ನಾನಿರ್ತೀನಿ, ಶುಕ್ರವಾರ ಸಂಜೆ ಏಳಕ್ಕೆ. ನೀವೂ ಬನ್ನಿ, ರಿಮೈಂಡರ್ ಒತ್ತಿ.’ ಹೃದಯದ ಗುರುತು ಹಾಕಿದವರಿಗೆ ಲೆಕ್ಕವಿಲ್ಲ. ರಿಮೈಂಡರ್ ಒತ್ತಿದವರು ಬೆರಳೆಣಿಕೆಯಷ್ಟು. ಶುಕ್ರವಾರ ಬಂದ ನಾಲ್ಕಾರು ಮಂದಿಯೂ ಇವತ್ತು ಏನು ಆಫರ್ ಎಂದು ಕೇಳಿ, ಇಲ್ಲ ಎಂದಕೂಡಲೇ ಜಾಗ ಖಾಲಿ ಮಾಡಿದರು. ಅಕ್ಕ ಬೆಡ್‌ಶೀಟ್ ಬಿಚ್ಚುತ್ತಾ, ಮಡಚುತ್ತಾ ಗೋಡೆಯ ಜೊತೆ ಮಾತಾಡಿದಂತೆ ಮಾತಾಡಿದಳು. ಮಾಲೀಕರು ಎದುರಿಗೆ ಕಾಲ ಮೇಲೆ ಕಾಲು ಹಾಕಿ ಕೂತು ಪೂರ್ತಿ ನೋಡಿದರು. ಮಧ್ಯೆ ನಿಲ್ಲಿಸುವುದಕ್ಕೂ ಬಿಡಲಿಲ್ಲ.

ಸೊಸೆಯ ಟೀಸರ್‌ಗೆ ಅಕ್ಕನ ಹಳೆಯ ಮಾತುಗಳನ್ನೇ ಒಂದಕ್ಷರ ಬಿಡದೆ ಎತ್ತಿದ್ದರು. ಶನಿವಾರ ಆ ಲೈವ್‌ಗೆ ಜನ ಜಾತ್ರೆಯಂತೆ ನುಗ್ಗಿದರು. ಸಾಲದ್ದಕ್ಕೆ ಮಾಲೀಕರು ಅಕ್ಕನನ್ನು ಫೋನಿನ ಹಿಂದೆ ನಿಲ್ಲಿಸಿ, ಬಂದ ಕಮೆಂಟುಗಳನ್ನು ಸೊಸೆಗೆ ಓದಿಹೇಳುವ ಕೆಲಸ ಕೊಟ್ಟರು. ಅಕ್ಕ ಎಲ್ಲಿ ಎಂದು ಒಬ್ಬರಾದರೂ ಕೇಳುತ್ತಾರೆಂದು ನಾನೂ ಕಾದೆ. ಎಲ್ಲರೂ ಕೇಳಿದ್ದು ಬಣ್ಣ, ಅಳತೆ, ಸ್ಟಾಕು. ಮೊದಲ ಬುಕಿಂಗ್ ಬಂದಾಗ ಅಕ್ಕ ಹೆಸರನ್ನು ತುಟಿಯಲ್ಲೇ ಓದಿಕೊಂಡಳು. ಜೋರಾಗಿ ಓದು ಎಂದು ಮಾಲೀಕರು ಗದರಿದರು. ಓದಿದಳು. ಬುಕ್ ಮಾಡಿದ್ದು ಅವಳದೇ ಒಡಹುಟ್ಟಿದ ತಂಗಿ, ಒಂದೇ ಮನೆಯಲ್ಲಿರುವವಳು. ಶುಕ್ರವಾರ ಆ ಕಡೆ ತಲೆಯನ್ನೂ ಹಾಕದವಳು.

ಸೋಮವಾರ ಕೊರಿಯರ್ ದುಡ್ಡು ಉಳಿಸಲು ತಂಗಿ ಅಂಗಡಿಗೇ ಬಂದಳು. ನಾನು ಪಾರ್ಸೆಲ್ ಕೆಳಗೆ ತಂದಾಗ ಅಕ್ಕ ಕೌಂಟರಿನ ಹಿಂದೆ ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ಮನೆಯಲ್ಲಿ ಕೇಳಿರಲಿಲ್ಲವೇನೋ, ಶುಕ್ರವಾರ ಯಾಕೆ ಬರಲಿಲ್ಲ ಎಂದು ತಂಗಿಯನ್ನು ಮೆಲ್ಲಗೆ ಕೇಳಿದಳು.

“ಅಯ್ಯೋ ಅಕ್ಕಾ, ನೀನು ದಿನಾ ಮನೇಲಿ ಸಿಕ್ತೀಯಲ್ಲ. ಆಫರ್ ಸಿಗುತ್ತಾ?”

ಅವಳ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ; ನನಗೆ ಸಿಟ್ಟು ಬಂದದ್ದು ಅದಕ್ಕೇ. ಅಕ್ಕ ಪಾರ್ಸೆಲ್ ಬಿಚ್ಚಿ, ಮೂರೂ ಬೆಡ್‌ಶೀಟ್ ಸರಿಯಿವೆಯೇ ನೋಡಿಕೋ ಎಂದು ತಂಗಿಯ ಮುಂದೆ ಒಂದೊಂದಾಗಿ ಹರಡಿದಳು.